ಮಲಗಿದ ಖಾತೆ ಎದ್ದ ಮೇಲೆ ಲೆಕ್ಕ ನೋಡುವವರು ಯಾರು?

‘ಅಕೌಂಟ್ ಡಾರ್ಮಂಟ್ ಆಗೇತ್ರಿ, ಈ ಫಾರ್ಮ್ ತುಂಬಿ ಕೊಡ್ರಿ.’ ಹುಬ್ಬಳ್ಳಿಯ ಯಾವ ಬ್ಯಾಂಕಿನ ಕೌಂಟರಿನ ಮುಂದೆ ಅರ್ಧ ತಾಸು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಗ್ರಾಹಕ ಫಾರ್ಮ್ ತುಂಬುತ್ತಾನೆ, ಆಧಾರ್ ಜೆರಾಕ್ಸ್ ಲಗತ್ತಿಸುತ್ತಾನೆ, ನೂರು ರೂಪಾಯಿ ಜಮಾ ಮಾಡಿ ಮನೆಗೆ ಹೋಗುತ್ತಾನೆ. ಖಾತೆ ಮಲಗಿದ್ದ ವರ್ಷಗಳಲ್ಲಿ ಅದರೊಳಗಿನ ಹಣಕ್ಕೆ ಏನಾಯಿತು ಎಂದು ಅವನೂ ಕೇಳುವುದಿಲ್ಲ, ಬ್ಯಾಂಕೂ ತಾನಾಗಿ ಹೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಗ್ರಾಹಕ ತಾನಾಗಿ ಮಾಡಿದ ಯಾವ ವ್ಯವಹಾರವೂ ಎರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಬ್ಯಾಂಕು ಹಾಕಿದ ಬಡ್ಡಿ, ಮುರಿದುಕೊಂಡ ಶುಲ್ಕ ಇವು ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ. ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದ್ದರೂ, ಮೊಬೈಲ್ ಬ್ಯಾಂಕಿಂಗ್‌ಗೆ ಒಮ್ಮೆ ಲಾಗಿನ್ ಆಗಿದ್ದರೂ ಖಾತೆ ಜೀವಂತ ಉಳಿಯುತ್ತಿತ್ತು. ಅದೇ ಬ್ಯಾಂಕಿನಲ್ಲಿ ನಿಮ್ಮ ಇನ್ನೊಂದು ಖಾತೆ ಓಡುತ್ತಿದೆ ಎಂಬುದು ಈ ಖಾತೆಯನ್ನು ಕಾಯುವುದಿಲ್ಲ.

ರಿಸರ್ವ್ ಬ್ಯಾಂಕ್ 2024ರ ಜನವರಿ 1ರಂದು ಹೊರಡಿಸಿ, ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಖಾತೆಯನ್ನು ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. ನಿಷ್ಕ್ರಿಯವಾದ ಮೇಲೆ ಕನಿಷ್ಠ ಬ್ಯಾಲೆನ್ಸ್ ಇಲ್ಲವೆಂದು ದಂಡ ಹಾಕುವಂತಿಲ್ಲ. ಉಳಿತಾಯ ಖಾತೆ ಮಲಗಿದ್ದರೂ ಬಡ್ಡಿ ನಿಲ್ಲಿಸುವಂತಿಲ್ಲ. ಕೆವೈಸಿಯನ್ನು ಯಾವ ಶಾಖೆಯಲ್ಲಾದರೂ ನವೀಕರಿಸಬಹುದು. ಅರ್ಜಿ ಬಂದ ಮೂರು ಕೆಲಸದ ದಿನಗಳಲ್ಲಿ ಖಾತೆ ಚಾಲೂ ಆಗಬೇಕು. ಆದರೆ ಈ ಮೂರು ದಿನ ಎಣಿಕೆಯಾಗುವುದು ‘ಪೂರ್ಣ’ ಅರ್ಜಿ ಕೈಸೇರಿದ ದಿನದಿಂದ. ಒಂದು ಕಾಗದ ಕಡಿಮೆ ಬಿದ್ದರೂ ಗಡಿಯಾರ ಓಡುವುದಿಲ್ಲ. ಅದಕ್ಕೇ ಯಾವ ಯಾವ ಕಾಗದ ಕೊಟ್ಟಿರಿ ಎಂದು ಬರೆಸಿ, ತಾರೀಖು ಹಾಕಿಸಿ, ಸೀಲು ಒತ್ತಿಸಿದ ಸ್ವೀಕೃತಿಯನ್ನು ಇಸಿದುಕೊಳ್ಳಬೇಕು.

ಅರ್ಜಿ ಎಡವುವುದು ಹೆಚ್ಚಾಗಿ ಮೂರು ಕಡೆ. ಮೊದಲನೆಯದು ಸಹಿ. ಹದಿನೆಂಟರ ವಯಸ್ಸಿನಲ್ಲಿ ಕನ್ನಡದಲ್ಲಿ ಹಾಕಿದ ಸಹಿ ಬ್ಯಾಂಕಿನ ದಾಖಲೆಯಲ್ಲಿದೆ, ಈಗಿನದು ಇಂಗ್ಲಿಷಿನ ಗೀಚು. ಸಿಬ್ಬಂದಿ ಅನುಮಾನಿಸಿದರೆ ಅದು ಅವರ ಕರ್ತವ್ಯ. ಯಾರೂ ವಿಚಾರಿಸದ ಖಾತೆಯೇ ವಂಚಕರಿಗೆ ಸಲೀಸು. ಹೊಸ ಸಹಿಯ ನಮೂನೆಯನ್ನು ಅಧಿಕಾರಿಯ ಎದುರಿಗೇ ಕೊಟ್ಟುಬಿಡುವುದು ಒಳ್ಳೆಯದು. ಎರಡನೆಯದು ಹೆಸರು. ಮದುವೆಯ ನಂತರ ಹೆಸರು ಬದಲಾಗಿದ್ದರೆ ವಿವಾಹ ಪ್ರಮಾಣಪತ್ರ ಜೊತೆಗಿರಲಿ. ಜಂಟಿ ಖಾತೆಯಾದರೆ ಎಲ್ಲರ ಕೆವೈಸಿಯೂ ಬೇಕು. ಮೂರನೆಯದು, ಜನ ಮರೆಯುವುದು, ಮೊಬೈಲ್ ನಂಬರ್. ನೀವು ಬಿಟ್ಟುಬಿಟ್ಟ ಸಿಮ್‌ನ ನಂಬರ್ ಇಷ್ಟರಲ್ಲಿ ಬೇರೆಯವರ ಕೈ ಸೇರಿರಬಹುದು. ಅದನ್ನು ಬದಲಿಸದೆ ಖಾತೆ ಎಬ್ಬಿಸಿದರೆ ನಿಮ್ಮ ಒಟಿಪಿ ಅವರ ಫೋನಿಗೆ ಹೋಗುತ್ತದೆ.

ಫಾರ್ಮಿನಲ್ಲಿ ಆಧಾರ್ ಜೋಡಣೆಗೆ, ಸರ್ಕಾರಿ ಸಹಾಯಧನ ಇದೇ ಖಾತೆಗೆ ಬರಲಿ ಎಂಬುದಕ್ಕೆ ಒಪ್ಪಿಗೆಯ ಚೌಕ ಇದ್ದರೆ ಓದದೆ ಟಿಕ್ ಮಾಡಬೇಡಿ. ಗೃಹಲಕ್ಷ್ಮಿಯಂಥ ಹಣ ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. ಈಗ ಧಾರವಾಡದ ಒಂದು ಬ್ಯಾಂಕಿಗೆ ತಿಂಗಳ ಹಣ ಬರುತ್ತಿರುವ ಗೃಹಿಣಿ ಹಳೆಯ ಖಾತೆಯ ಫಾರ್ಮಿನಲ್ಲಿ ಆ ಟಿಕ್ ಹಾಕಿದರೆ, ಮುಂದಿನ ಕಂತು ಇತ್ತ ತಿರುಗುತ್ತದೆ. ಆಕೆ ಅತ್ತ ಕಾಯುತ್ತಿರುತ್ತಾಳೆ.

ಧಾರವಾಡದವರಿಗೆ ಇನ್ನೊಂದು ತೊಡಕಿದೆ. ಮನೆಯ ಟ್ರಂಕಿನಲ್ಲಿ ಸಿಗುವ ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕೇ ಇವತ್ತು ಆ ಹೆಸರಿನಲ್ಲಿಲ್ಲ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಧಾರವಾಡವೇ ಕೇಂದ್ರವಾಗಿದ್ದ ಆ ಬ್ಯಾಂಕು 2025ರ ಮೇ 1ರಿಂದ, ಬಳ್ಳಾರಿ ಕೇಂದ್ರವಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಆಯಿತು. ಹೆಸರು ಹೋಯಿತೆಂದು ಹಣ ಹೋಗಿಲ್ಲ. ಹಳೆಯ ಖಾತೆ ಸಂಖ್ಯೆಯನ್ನು ಹೊಸ ಬ್ಯಾಂಕಿನಲ್ಲಿ ಹುಡುಕಿಸಬೇಕು, ಅಷ್ಟೆ. ಹತ್ತು ವರ್ಷ ದಾಟಿ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗಿದ್ದರೂ ಕೇಳಬೇಕಾದದ್ದು ನಿಮ್ಮ ಬ್ಯಾಂಕನ್ನೇ. ನಿಮಗೆ ಕೊಟ್ಟು, ನಿಧಿಯಿಂದ ವಾಪಸು ಪಡೆಯುವುದು ಬ್ಯಾಂಕಿನ ಕೆಲಸ.

ಇನ್ನು ಲೆಕ್ಕ. ಒಂದು ಕಲ್ಪಿತ ಉದಾಹರಣೆ ನೋಡೋಣ. ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿದ್ದ ಹುಡುಗ 2019ರ ಜೂನ್‌ನಲ್ಲಿ ಕೆಲಸ ಬಿಟ್ಟ. ಅವನ ಸಂಬಳದ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಯಿತು, ಕನಿಷ್ಠ ಬ್ಯಾಲೆನ್ಸ್ 10,000 ರೂಪಾಯಿ. ಒಳಗೆ ಉಳಿದದ್ದು 6,400. ಪ್ರತಿ ಮೂರು ತಿಂಗಳಿಗೆ ದಂಡ 100 ರೂಪಾಯಿ, ಜಿಎಸ್‌ಟಿ ಸೇರಿ 118. 2025ರ ಜೂನ್‌ನಲ್ಲಿ ಖಾತೆ ಎಬ್ಬಿಸಿದಾಗ ಬ್ಯಾಲೆನ್ಸ್ 5,102 ಎಂದು ತೋರಿಸಿತು. ‘ಸಾವಿರದ ಮುನ್ನೂರು ಹೋಯ್ತು, ಹೋಗ್ಲಿ ಬಿಡು’ ಎಂದು ಬಿಟ್ಟುಬಿಡುವ ಮೊತ್ತ ಇದು.

ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಕಥೆ ಬೇರೆ. ಮೊದಲ ಎರಡು ವರ್ಷ ಖಾತೆ ಇನ್ನೂ ನಿಷ್ಕ್ರಿಯ ಆಗಿರಲಿಲ್ಲ, ಆದ್ದರಿಂದ ಆ ಎಂಟು ದಂಡ, 944 ರೂಪಾಯಿ, ನಿಯಮದೊಳಗಿನದು. ಮೊದಲೇ ತಿಳಿಸಿ ಹಾಕಿದ್ದರೆ ಮಾತ್ರ. 2021ರ ಜೂನ್ ನಂತರವೂ ಮೂರು ಸಲ ಮುರಿದ 354 ರೂಪಾಯಿ ತಪ್ಪು, ಅದು ವಾಪಸು ಬರಬೇಕು. ಇನ್ನೊಂದು ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅದು ಮುರಿದ ಸಾಲಲ್ಲ, ಇರಬೇಕಾಗಿದ್ದು ಇಲ್ಲದ ಸಾಲು. ಆರು ವರ್ಷದಲ್ಲಿ ಬಡ್ಡಿಯ ಒಂದು ನಮೂದೂ ಇಲ್ಲ. ಎಣಿಕೆಗೆಂದು ಶೇಕಡಾ 3ರ ದರ ಹಿಡಿದು ಮೂರು ತಿಂಗಳಿಗೊಮ್ಮೆ ಜಮಾ ಮಾಡಿದರೆ ಬಡ್ಡಿ ಸುಮಾರು 1,100 ಆಗುತ್ತದೆ. ಇರಬೇಕಾಗಿದ್ದದ್ದು 6,560ರ ಆಸುಪಾಸು. ಹುಡುಗ ಲಿಖಿತವಾಗಿ ಕೇಳಬೇಕಾದದ್ದು ಈ 1,460 ರೂಪಾಯಿ.

ಎಲ್ಲ ಕಡಿತವೂ ತಪ್ಪೆಂದು ಜಗಳಕ್ಕೆ ಹೋಗುವುದೂ ಸರಿಯಲ್ಲ. ಮೇಲಿನ ನಿಷೇಧ ಇರುವುದು ಕನಿಷ್ಠ ಬ್ಯಾಲೆನ್ಸಿನ ದಂಡಕ್ಕೆ ಮತ್ತು ಚಾಲೂ ಮಾಡುವ ಶುಲ್ಕಕ್ಕೆ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ ಬೇರೆ ಬಾಬತ್ತು. ಅವನ್ನು ಬ್ಯಾಂಕಿನ ಶುಲ್ಕಪಟ್ಟಿಯ ಜೊತೆ ಹೋಲಿಸಿ ನೋಡಬೇಕು. ಕನಿಷ್ಠ ಬ್ಯಾಲೆನ್ಸಿನ ದಂಡವೊಂದರಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಇಳಿಯುವಂತಿಲ್ಲ ಎಂಬುದು 2015ರ ಏಪ್ರಿಲ್‌ನಿಂದಲೇ ಜಾರಿಯಲ್ಲಿದೆ. ಆದ್ದರಿಂದ ‘ಮೈನಸ್ ಕಟ್ಟಿದರೆ ಮಾತ್ರ ಚಾಲೂ ಮಾಡ್ತೀವಿ’ ಎಂದರೆ ಆ ಮೈನಸ್ ಎಲ್ಲಿಂದ ಬಂತೆಂದು ಕೇಳಿ.

ಎಚ್ಚರ ತಪ್ಪುವುದು ಚಾಲೂ ಆದ ಮರುದಿನ. ನಿಷ್ಕ್ರಿಯ ಖಾತೆಗಿದ್ದ ರಕ್ಷಣೆ ಅಂದೇ ಮುಗಿಯುತ್ತದೆ. ಆ ಹುಡುಗನ ಖಾತೆಗೆ 10,000ದ ಷರತ್ತು ಮತ್ತೆ ಅಂಟಿಕೊಳ್ಳುತ್ತದೆ, ದಂಡವೂ ಅದರ ಹಿಂದೆಯೇ ಬರುತ್ತದೆ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗೆ ಈ ದಂಡ ಕೈಬಿಟ್ಟವು, ಎಲ್ಲ ಬ್ಯಾಂಕುಗಳೂ ಬಿಟ್ಟಿಲ್ಲ. 10,000 ಇಡಲಾಗದವರು ಅದೇ ಭೇಟಿಯಲ್ಲಿ ಎರಡನೆಯ ಅರ್ಜಿಯನ್ನೂ ಕೊಡಬೇಕು: ಖಾತೆಯನ್ನು ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಯಾಗಿ ಬದಲಿಸಿ ಎಂದು. ಆಗ ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು. ಹಳೆಯ ವಿಮೆಯ ಆಟೋ ಡೆಬಿಟ್ ಒಪ್ಪಿಗೆಗಳು ಉಳಿದಿವೆಯೇ ಎಂದೂ ಕೇಳಿಕೊಳ್ಳಿ, ಪ್ರಧಾನಮಂತ್ರಿ ಜೀವನ್ ಜ್ಯೋತಿ ಒಂದಕ್ಕೇ ವರ್ಷಕ್ಕೆ 436 ರೂಪಾಯಿ.

ಖಾತೆ ಚಾಲೂ ಆಯಿತೆಂದು ತಿಳಿಸುವ ದಿನವೇ ಮಲಗಿದ್ದ ಅವಧಿಯ ಸ್ಟೇಟ್‌ಮೆಂಟನ್ನೂ ಬ್ಯಾಂಕು ಕೇಳದೆಯೇ ಗ್ರಾಹಕನ ಕೈಗಿಡಬೇಕು ಎಂಬುದು ನನ್ನ ಒತ್ತಾಯ. ಅಂಥ ನಿಯಮ ಬರುವ ತನಕ ನಾವೇ ಕೇಳಬೇಕು. ಲಿಖಿತವಾಗಿ ಕೇಳಿದ ಬಡ್ಡಿ, ತಪ್ಪಾಗಿ ಮುರಿದ ದಂಡ 30 ದಿನಗಳಲ್ಲಿ ಬಾರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಆ ದೂರಿನ ಜೊತೆ ಮರೆಯದೆ ಲಗತ್ತಿಸಬೇಕಾದದ್ದು: ಬ್ಯಾಂಕಿಗೆ ಬರೆದು ಕೇಳಿದ್ದರ ಸೀಲು ಬಿದ್ದ ಪ್ರತಿ, ಮತ್ತು ತಪ್ಪಿದ ಸಾಲುಗಳಿಗೆ ಪೆನ್ನಿನಲ್ಲಿ ಗೆರೆ ಎಳೆದ ಸ್ಟೇಟ್‌ಮೆಂಟ್.