ಸರದಿ ಸಾಲು ಬಿಡಿ, ಚೌಕ ಎಳೆಯಿರಿ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ನೆಟ್‌ಬಾಲ್ ಪಾಠ ಕೈಬಿಡಲು ಕೊಡುವ ಕಾರಣ ಒಂದೇ: ಜಾಗವಿಲ್ಲ. ಪೂರ್ಣ ಅಂಕಣಕ್ಕೆ 30.5 ಮೀಟರ್ ಉದ್ದ, 15.25 ಮೀಟರ್ ಅಗಲ ಬೇಕೆಂಬುದು ನಿಜ. ಆದರೆ ಕಲಿಕೆಗೆ ಅಡ್ಡಿಯಾಗುವುದು ಜಾಗಕ್ಕಿಂತ ಹೆಚ್ಚಾಗಿ ನಮ್ಮ ಪಾಠಯೋಜನೆ ಎಂಬುದು ನನ್ನ ಅಭಿಪ್ರಾಯ.

ಪ್ರಾರ್ಥನೆಯ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲವಿದೆ, ಮಕ್ಕಳು 40, ಕಂಬ ಒಂದು ಎಂದುಕೊಳ್ಳೋಣ. ಸಾಮಾನ್ಯವಾಗಿ ಎಲ್ಲರನ್ನೂ ಕಂಬದ ಮುಂದೆ ಸಾಲಾಗಿ ನಿಲ್ಲಿಸುತ್ತೇವೆ. ಒಂದು ಎಸೆತಕ್ಕೆ 10 ಸೆಕೆಂಡ್ ಹಿಡಿದರೂ 30 ನಿಮಿಷದಲ್ಲಿ ಒಂದು ಮಗುವಿಗೆ ಸಿಗುವುದು ನಾಲ್ಕೈದು ಎಸೆತ. ಉಳಿದ ಹೊತ್ತೆಲ್ಲ ಕಾಯುವುದೇ.

ಬದಲಿಗೆ ಅದೇ ಅಂಗಳದಲ್ಲಿ ಸೀಮೆಸುಣ್ಣದಿಂದ 3 ಮೀಟರಿನ ಹತ್ತು ಚೌಕಗಳನ್ನು ಎರಡು ಸಾಲಿನಲ್ಲಿ ಎಳೆಯಿರಿ. ನಡುವೆ ಓಡಾಡಲು ಜಾಗ ಉಳಿಯುತ್ತದೆ. ಚೌಕಕ್ಕೆ ನಾಲ್ವರು. ಮೂವರು ಪಾಸ್ ಮಾಡಲಿ, ನಾಲ್ಕನೆಯವರು ಚೌಕದ ಹೊರಗೆ ನಿಂತು ಕಾಲುಗಳನ್ನಷ್ಟೇ ನೋಡಲಿ. ಕಂಬ ಒಂದು ಮೂಲೆಯ ಚೌಕದಲ್ಲಿರಲಿ. ಮೂರು ನಿಮಿಷಕ್ಕೊಮ್ಮೆ ಗುಂಪುಗಳು ಮುಂದಿನ ಚೌಕಕ್ಕೆ ಸರಿದರೆ, 30 ನಿಮಿಷದಲ್ಲಿ ಪ್ರತಿ ಮಗುವಿಗೂ ಅದೇ ನಾಲ್ಕೈದು ಎಸೆತ ಸಿಗುತ್ತದೆ. ಕಾಯುತ್ತಿದ್ದ 27 ನಿಮಿಷ ಪಾಸಿಗೂ ಕಾಲಿನ ನಿಯಮಕ್ಕೂ ದಕ್ಕುತ್ತದೆ. ಚೆಂಡು ಸಾಲದಿದ್ದರೆ 5ನೇ ಅಳತೆಯ ಫುಟ್‌ಬಾಲ್ ಆದೀತು. ಸುತ್ತಳತೆ ಹೆಚ್ಚುಕಡಿಮೆ ಒಂದೇ.

ಇನ್ನು ಕಾಲಿನ ನಿಯಮ. “ಚೆಂಡು ಹಿಡಿದ ಮೇಲೆ ಹೆಜ್ಜೆ ಹಾಕಬೇಡಿ” ಎಂದು ಕಲಿಸುವುದು ಅರ್ಧ ಸತ್ಯ. ಹಾಗೆ ಕಲಿತ ಮಗು ಕಂಬದಂತೆ ನಿಂತು ಬರೀ ಕೈಯಿಂದ ಎಸೆಯುತ್ತದೆ, ಪಾಸಿಗೆ ಬಲ ಬರುವುದಿಲ್ಲ. ನಿಯಮ ಹೇಳುವುದು ಬೇರೆ. ಮೊದಲು ನೆಲ ಮುಟ್ಟಿದ್ದು ಇಳಿಗಾಲು. ಇನ್ನೊಂದು ಕಾಲನ್ನು ಯಾವ ದಿಕ್ಕಿಗಾದರೂ ಇಟ್ಟು ತಿರುಗಬಹುದು. ಇಳಿಗಾಲನ್ನು ಎತ್ತಲೂಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು, ಅದೂ ಮೂರು ಸೆಕೆಂಡಿನೊಳಗೆ. ಎರಡೂ ಕಾಲು ಒಟ್ಟಿಗೆ ಇಳಿದರೆ ಯಾವುದನ್ನಾದರೂ ಇಳಿಗಾಲಾಗಿ ಆರಿಸಿಕೊಳ್ಳಬಹುದು.

ಚೆಂಡು ಹಿಡಿದವರು “ಎಡ” ಅಥವಾ “ಬಲ” ಎಂದು ಕೂಗಲಿ. ಕೂಗಿದ್ದಕ್ಕೂ ನೋಡುವವರು ಕಂಡದ್ದಕ್ಕೂ ತಾಳೆಯಾಗದಿದ್ದರೆ ನಿಯಮ ಇನ್ನೂ ತಲೆಗೆ ಹೋಗಿಲ್ಲ ಎಂದರ್ಥ.

ಕಂಬವಿಲ್ಲವೆಂದು ಗೋಡೆಗೆ ಗುರಿಯಿಟ್ಟು ಎಸೆಸುವುದನ್ನು ನಾನು ಒಪ್ಪುವುದಿಲ್ಲ. ನೆಟ್‌ಬಾಲಿನ ಬಳೆಯ ಹಿಂದೆ ಹಲಗೆ ಇರುವುದಿಲ್ಲ. ಗೋಡೆಗೆ ಕಲಿತ ಮಗು ಚೆಂಡನ್ನು ನೇರವಾಗಿ ತಳ್ಳುತ್ತದೆ. ಇಲ್ಲಿ ಬೇಕಾದದ್ದು ಮೇಲೆದ್ದು ಬಳೆಯೊಳಗೆ ಇಳಿಯುವ ಎಸೆತ. ಬಿದಿರುಗಳಕ್ಕೆ ಕಬ್ಬಿಣದ ಬಳೆ ಕಟ್ಟಿದರೂ ಸಾಕು. ನಿಯಮದ ಎತ್ತರ 3.05 ಮೀಟರ್, ಹೊಸಬರಿಗೆ ತಗ್ಗಿಸಿ. ತಪ್ಪಿದ ಚೆಂಡು ಕಂಬದಿಂದ ಬಹುದೂರ ಹೋಗಿ ಬಿದ್ದರೆ ಎಸೆತ ಚಪ್ಪಟೆಯಾಗಿದೆ ಎಂದು ತಿಳಿಯಿರಿ.

ಚೌಕದಲ್ಲಿ ಕಲಿಸಲಾಗದ್ದೂ ಇದೆ: ಉದ್ದನೆಯ ಭುಜದ ಪಾಸ್, ಆಟಗಾರರ ವಲಯಗಳು. ಅವನ್ನು ದೊಡ್ಡ ಮೈದಾನ ಸಿಕ್ಕ ದಿನಕ್ಕೆ ಇಟ್ಟುಕೊಳ್ಳೋಣ. ಆ ದಿನ ಕಾಲಿನ ತಪ್ಪಿಗೆ ಹೆಜ್ಜೆಹೆಜ್ಜೆಗೂ ಸೀಟಿ ಊದಬೇಕಾಗದಿದ್ದರೆ ಅಂಗಳದ ಪಾಠ ಫಲಿಸಿದಂತೆ.