ಡಬ್ಬದ ಮೇಲಿನ ನಂಬರೂ, ಬಾವಿಯೊಳಗಿನ ದನಿಯೂ

“ಎಂಥ ಮಾರಾಯ, ಶೀತ ಆಗಿದ್ಯಾ? ಬಾವಿ ಒಳಗಿಂದ ಮಾತಾಡ್ದಂಗೆ ಕೇಳ್ತಿದೆ...”

ಭಾನುವಾರ ಸಾಗರದಿಂದ ಅಮ್ಮ ಹೀಗಂದಾಗ ನನಗೆ ಶೀತವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಇದ್ದದ್ದು ಹೊಸದಾಗಿ ತಂದ ಒಂದು ಬ್ಲೂಟೂತ್ ಡಾಂಗಲ್ ಮಾತ್ರ!

ನನ್ನದು ಬಿಡಿಭಾಗ ತಂದು ನಾನೇ ಜೋಡಿಸಿದ ಡೆಸ್ಕ್‌ಟಾಪ್. ದುಡ್ಡು ಉಳಿಸೋಣ ಅಂತ ವೈಫೈ, ಬ್ಲೂಟೂತ್ ಯಾವುದೂ ಇಲ್ಲದ ಮದರ್‌ಬೋರ್ಡ್ ತಗೊಂಡಿದ್ದೆ. ರೂಟರ್‌ನಿಂದ ವೈರ್ ಎಳೆದಿದ್ದರಿಂದ ಅದರ ಕೊರತೆ ಗೊತ್ತಾಗಿರಲೂ ಇಲ್ಲ. ತಂಗಿ ಹುಟ್ಟುಹಬ್ಬಕ್ಕೆ ಬ್ಲೂಟೂತ್ ಹೆಡ್‌ಫೋನ್ ಕೊಟ್ಟಳು ನೋಡಿ, ಅಲ್ಲಿಂದ ಶುರು. ಎಸ್.ಪಿ. ರೋಡಿಗೆ ಹೋಗಿ ಡಾಂಗಲ್ ಕೇಳಿದರೆ ಅಂಗಡಿಯವರು “4.0 ಬೇಕಾ ಸಾರ್, 5.0 ಬೇಕಾ?” ಅಂದರು. ಇಂಜಿನಿಯರಿಂಗ್ ಓದಿದವನಿಗೆ ಇದೂ ಒಂದು ಪ್ರಶ್ನೆಯೇ? ನೂರು ರೂಪಾಯಿ ಜಾಸ್ತಿ ಕೊಟ್ಟು 5.0 ತಂದೆ :-)

ಈಗ ಅನ್ನಿಸುವುದೇನೆಂದರೆ, ಹಾಡು ಕೇಳೋದಕ್ಕೆ ಡಾಂಗಲ್ ಕೊಳ್ಳುವವರು ಆ ನಂಬರನ್ನು ನೋಡಲೇಬಾರದು. 2016ರಲ್ಲಿ ಬಂದ ಬ್ಲೂಟೂತ್ 5ರ ದೊಡ್ಡ ಹೊಸತುಗಳೆಲ್ಲ ಕಡಿಮೆ ವಿದ್ಯುತ್ತಿನ, ಅಂದರೆ ಲೋ ಎನರ್ಜಿ ಭಾಗಕ್ಕೆ ಸಂಬಂಧಿಸಿದವು. ನಮ್ಮ ಮಾಮೂಲಿ ಹೆಡ್‌ಫೋನಿಗೆ ಹಾಡು ಹೋಗುವುದು ‘ಕ್ಲಾಸಿಕ್’ ಅನ್ನುವ ಹಳೇ ದಾರಿಯಲ್ಲಿ. ಆ ದಾರಿಯನ್ನು ಅಗಲ ಮಾಡಿದ್ದು 2004ರ 2.0 ಆವೃತ್ತಿ. ಮಾಮೂಲಿ ಎಸ್‌ಬಿಸಿ ಕೋಡೆಕ್‌ಗೆ ಒಳ್ಳೇ ಗುಣಮಟ್ಟದಲ್ಲಿ ಬೇಕಾಗುವುದು ಸೆಕೆಂಡಿಗೆ ಸುಮಾರು 328 ಕಿಲೋಬಿಟ್. ಅದು ಆ ಹಳೇ ದಾರಿಯಲ್ಲೇ ಆರಾಮಾಗಿ ಓಡುತ್ತೆ.

ತಮಾಷೆ ಅಂದ್ರೆ ನನ್ನದು 5.0 ಕೂಡ ಆಗಿರಲಿಲ್ಲ. ವಿಂಡೋಸ್‌ನ Device Manager ತೆಗೆದು, ಬ್ಲೂಟೂತ್ ಅಡಾಪ್ಟರಿನ Properties ಒಳಗೆ Advanced ಅನ್ನುವಲ್ಲಿ ನೋಡಿದರೆ LMP ಅಂತ ಒಂದು ಅಂಕಿ ಇರತ್ತೆ. ಅದು 9 ಇದ್ದರೆ 5.0, 6 ಇದ್ದರೆ 4.0. ನನ್ನದು 6! ಲಿನಕ್ಸ್‌ನಲ್ಲಿ `lsusb` ಕೊಟ್ಟಾಗ ಕಂಡದ್ದು ಇದು:

```
ID 0a12:0001 Cambridge Silicon Radio, Ltd Bluetooth Dongle (HCI mode)
```

ಅಸಲಿ ಚಿಪ್ಪಿಗೂ ಇದೇ ಗುರುತು ಇರುವುದರಿಂದ ಇಷ್ಟರಿಂದಲೇ ನಕಲಿ ಅನ್ನೋಕಾಗಲ್ಲ. ಆದರೆ ಈ ಗುರುತು ಹಾಕ್ಕೊಂಡು ಬರುವ ನಕಲಿಗಳು ಎಷ್ಟಿವೆ ಅಂದರೆ, ಅವನ್ನು ಪತ್ತೆಹಚ್ಚಿ ಸಂಭಾಳಿಸೋಕೆ ಅಂತಲೇ ಲಿನಕ್ಸ್ ಕರ್ನೆಲ್‌ನಲ್ಲಿ ಬೇರೆ ಕೋಡ್ ಇದೆ.

ಸರಿ, ಹಾಗಾದ್ರೆ ನೋಡಬೇಕಾದ್ದು ಏನು? ಹಾಡನ್ನು ಬ್ಲೂಟೂತ್‌ಗೆ ತಕ್ಕಂತೆ ಕುಗ್ಗಿಸುವ ಕೆಲಸ ಯಾರು ಮಾಡ್ತಾರೆ ಅನ್ನೋದು. ಸಾಮಾನ್ಯ ಡಾಂಗಲ್ ಬರೀ ರೇಡಿಯೋ. ಪೋಸ್ಟ್‌ಮ್ಯಾನ್ ಇದ್ದ ಹಾಗೆ, ಕೊಟ್ಟದ್ದನ್ನು ತಲುಪಿಸತ್ತೆ ಅಷ್ಟೇ. ಕುಗ್ಗಿಸುವುದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ 11ರಲ್ಲಿ ಎಸ್‌ಬಿಸಿ, ಎಎಸಿ, ಆಪ್ಟ್‌ಎಕ್ಸ್ ಸಿಗತ್ತೆ, ಎಲ್‌ಡ್ಯಾಕ್ ಇಲ್ಲ. ಅದೇ ಡಾಂಗಲನ್ನು ಪೈಪ್‌ವೈರ್ ಇರುವ ಲಿನಕ್ಸ್‌ಗೆ ಹಾಕಿ, ಹೆಡ್‌ಫೋನಿಗೂ ಎಲ್‌ಡ್ಯಾಕ್ ಬರುತ್ತಿದ್ದರೆ ಅದೂ ಸಿಗಬಹುದು. ಹಾಗಾಗಿ ಇಂಥ ಡಾಂಗಲ್ ಡಬ್ಬದ ಮೇಲೆ ‘ಹೈಫೈ ಸೌಂಡ್’ ಅಂತ ಬರೆದಿದ್ದರೆ ನಕ್ಕು ಮುಂದೆ ಹೋಗಿ. ಇನ್ನೊಂದು ಜಾತಿ ಇದೆ, ಆಡಿಯೋ ಟ್ರಾನ್ಸ್‌ಮಿಟರ್ ಅಂತ. ಅದು ಕಂಪ್ಯೂಟರಿಗೆ ಯುಎಸ್‌ಬಿ ಸೌಂಡ್ ಕಾರ್ಡ್ ಥರ ಕಾಣಿಸಿಕೊಂಡು, ಕುಗ್ಗಿಸುವ ಕೆಲಸವನ್ನೂ ತಾನೇ ಮಾಡತ್ತೆ. ಅಲ್ಲಿ ಕೋಡೆಕ್ ಹೆಸರು ನೋಡಿ ಕೊಳ್ಳೋದಕ್ಕೆ ಅರ್ಥ ಇದೆ. ಆದರೆ ಬೆಲೆ ಹಲವು ಪಟ್ಟು, ಮೇಲಾಗಿ ಬ್ಲೂಟೂತ್ ಮೌಸು, ಕೀಬೋರ್ಡು ಅದಕ್ಕೆ ಸೇರಲ್ಲ.

ಇನ್ನು ಅಮ್ಮನ ಬಾವಿಯ ವಿಷಯ. ಹಾಡು ಹೋಗುವ ಎ2ಡಿಪಿ ಪ್ರೊಫೈಲು ಒನ್‌ವೇ ರಸ್ತೆ. ಹೆಡ್‌ಫೋನಿನ ಮೈಕ್ ಬೇಕು ಅಂದ ತಕ್ಷಣ ಕಂಪ್ಯೂಟರು ಅದನ್ನು ಬಿಟ್ಟು ಫೋನಿನ ಮಾತಿಗೆ ಅಂತ ಮಾಡಿದ ಹ್ಯಾಂಡ್ಸ್‌ಫ್ರೀ ಪ್ರೊಫೈಲಿಗೆ ಇಳಿಯತ್ತೆ. ಅಲ್ಲಿ ಸ್ಟೀರಿಯೋ ಇಲ್ಲ. ಸೆಕೆಂಡಿಗೆ 8,000 ಸ್ಯಾಂಪಲ್, ಎರಡೂ ಕಡೆ ಒಪ್ಪಿದರೆ 16,000. ಕೇಳಿಸುವ ಅತಿ ಎತ್ತರದ ಸ್ವರ ಅದರ ಅರ್ಧ, ಅಂದರೆ 4 ಅಥವಾ 8 ಕಿಲೋಹರ್ಟ್ಸ್. ಮೊದಲನೆಯದು ಹಳೇ ಲ್ಯಾಂಡ್‌ಲೈನ್ ದನಿಯೇ. ಮಲ್ಲಿಕಾರ್ಜುನ ಮನ್ಸೂರರ ಹಾಡು ಹಚ್ಚಿಟ್ಟು ಕಾಲ್ ಶುರು ಮಾಡಿ ನೋಡಿ, ಮೈಕ್ ತೆರೆದ ಕ್ಷಣಕ್ಕೆ ತಂಬೂರಿಯ ಜೀವವೇ ಹಾರಿಹೋಗತ್ತೆ. ಲಿನಕ್ಸ್‌ನಲ್ಲಾದ್ರೆ ಕಣ್ಣಲ್ಲೂ ನೋಡಬಹುದು:

```
pactl list cards | grep "Active Profile"
```

ಕಾಲ್‌ಗೆ ಮುಂಚೆ `a2dp-sink` ಅಂತ ಇದ್ದದ್ದು ಕಾಲ್ ನಡುವೆ `headset-head-unit` ಆಗಿತ್ತು.

ಎಷ್ಟು ದುಬಾರಿ ಡಾಂಗಲ್ ತಂದರೂ ಇದು ಹೋಗಲ್ಲ, ಯಾಕಂದ್ರೆ ದೋಷ ಡಾಂಗಲಿನದ್ದಲ್ಲ. ನನ್ನ ಮದ್ದು ಬಹಳ ಸರಳ. ಕಾಲ್ ಮಾಡುವ ತಂತ್ರಾಂಶದಲ್ಲಿ ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್, ಮೈಕ್ ಜಾಗದಲ್ಲಿ ವೆಬ್‌ಕ್ಯಾಮ್ ಆರಿಸಿದೆ. ಹೆಡ್‌ಫೋನಿನ ಮೈಕನ್ನು ಯಾರೂ ಕೇಳದಿದ್ದರೆ ಅದು ಎ2ಡಿಪಿಯಲ್ಲೇ ಉಳಿಯತ್ತೆ.

ಇಷ್ಟಾದ ಮೇಲೂ ನಡುನಡುವೆ ಹಾಡು ತೊದಲುತ್ತಿತ್ತು. ಹೆಡ್‌ಫೋನನ್ನೇ ಬೈಕೊಂಡೆ. ಒಂದು ದಿನ ಹೊರಗಿನ ಹಾರ್ಡ್‌ಡಿಸ್ಕಿಗೆ ಫೋಟೋ ಕಾಪಿ ಮಾಡುವಾಗ ತೊದಲು ಜೋರಾಯ್ತು, ಕಾಪಿ ಮುಗಿದದ್ದೇ ನಿಂತಿತು. ಆಗ ತಲೆಗೆ ಹೊಳೆದದ್ದು. ಯುಎಸ್‌ಬಿ 3.0 ಓಡುವಾಗ ಏಳುವ ಗದ್ದಲ ಬ್ಲೂಟೂತ್ ಇರುವ 2.4 ಗಿಗಾಹರ್ಟ್ಸ್ ಪಟ್ಟಿಯವರೆಗೂ ಹಬ್ಬತ್ತೆ. ಇಂಟೆಲ್‌ನವರೇ 2012ರಲ್ಲಿ ಇದನ್ನು ಅಳೆದು ವರದಿ ಬರೆದಿದ್ದಾರೆ. ನಾನೋ ಡಾಂಗಲನ್ನು ಹಾರ್ಡ್‌ಡಿಸ್ಕಿನ ಪಕ್ಕದ ನೀಲಿ ಪೋರ್ಟಿಗೇ ಚುಚ್ಚಿದ್ದೆ. ಅದೂ ಮೇಜಿನ ಕೆಳಗೆ, ಗೋಡೆಗೂ ಕಬ್ಬಿಣದ ಕ್ಯಾಬಿನೆಟ್ಟಿಗೂ ನಡುವೆ! ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, 2.0 ಪೋರ್ಟಿಗೆ ಹಾಕಿ, ಡಾಂಗಲನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟೆ. ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದರೂ ಈಗ ಹಾಡು ಕಡಿಯಲ್ಲ.

ಇದನ್ನೆಲ್ಲ ಮಾಡೋ ಹೊತ್ತಿಗೆ ಹಳೇ ಡಾಂಗಲ್ ನಿದ್ದೆಯಿಂದ ಎದ್ದಾಗ ಹೆಡ್‌ಫೋನನ್ನು ಗುರುತು ಹಿಡಿಯದಷ್ಟು ಕೆಟ್ಟಿತ್ತು ಅನ್ನಿ. ಈಗಿರುವುದು ರಿಯಲ್‌ಟೆಕ್ ಆರ್‌ಟಿಎಲ್8761ಬಿ ಚಿಪ್ಪಿನದ್ದು, `lsusb`ನಲ್ಲಿ `0bda:8771` ಅಂತ ಬರತ್ತೆ. ಫರ್ಮ್‌ವೇರ್ ಲಿನಕ್ಸ್ ಜೊತೆಗೇ ಬರುವುದರಿಂದ ಬೇರೇನೂ ಹಾಕಬೇಕಾಗಿರಲಿಲ್ಲ. ಕ್ಯಾಬಿನೆಟ್ ಬಿಚ್ಚಲು ಹಿಂಜರಿಯದವರು ಹೊರಗೆ ಆಂಟೆನಾ ಇರುವ ಪಿಸಿಐಇ ವೈಫೈ-ಬ್ಲೂಟೂತ್ ಕಾರ್ಡನ್ನೂ ನೋಡಬಹುದು. ಕಾರ್ಡಿನಿಂದ ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಹೋಗುವ ಸಣ್ಣ ವೈರ್ ಮರೀಬೇಡಿ. ನನ್ನ ಗೆಳೆಯನೊಬ್ಬ ಅದನ್ನು ಬಿಟ್ಟು, ವೈಫೈ ಬಂತು ಬ್ಲೂಟೂತ್ ಯಾಕೆ ಬಂದಿಲ್ಲ ಅಂತ ಎರಡು ದಿನ ಡ್ರೈವರ್ ಹುಡುಕಿದ.

ಹೆಡ್‌ಫೋನಿನ ಮೈಕೇ ಬೇಕು, ಸ್ಟೀರಿಯೋನೂ ಬೇಕು ಅನ್ನುವವರಿಗೆ ಎಲ್‌ಇ ಆಡಿಯೋ ಬಂದಿದೆ. ಅದಕ್ಕೆ ಹೆಡ್‌ಫೋನು, ಅಡಾಪ್ಟರು, ಅದರ ಡ್ರೈವರು, ವಿಂಡೋಸ್ 11 ನಾಲ್ಕೂ ಒಪ್ಪಬೇಕು. ಡಬ್ಬದ ಮೇಲೆ 5.3 ಅಂತ ಇದ್ದ ಮಾತ್ರಕ್ಕೆ ಒಪ್ಪಿದ ಹಾಗಲ್ಲ. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ Use LE Audio when available ಅನ್ನುವ ಸ್ವಿಚ್ ಕಂಡರೆ ನಿಮ್ಮ ಅಡಾಪ್ಟರಿಗೆ ಬರತ್ತೆ ಅಂತ ಅರ್ಥ. ನನ್ನದರಲ್ಲಿ ಕಾಣಿಸಿಲ್ಲ.

ಮುಂದಿನ ಭಾನುವಾರ ವೆಬ್‌ಕ್ಯಾಮ್ ಮೈಕಿನಲ್ಲಿ ಮಾತಾಡಿದೆ. “ಅಂತೂ ಶೀತ ಹೋಯ್ತಲ್ಲ, ಕಷಾಯ ಕುಡ್ದ್ಯಾ?” ಅಂದಳು ಅಮ್ಮ. ಹೂಂ ಅಂದೆ.