“ಅಕೌಂಟ್ ತೆಗೆದು ಮತ್ತೆ ಹಾಕ್ರಿ” – ಎಲ್ಲ ರೋಗಕ್ಕೂ ಇದೊಂದೇ ಮದ್ದಾ?

ಕಂಪನಿಯವರು ಮೇಲ್ ಸರ್ವರಿನ ಸೆಟ್ಟಿಂಗ್ ಬದಲಾಯಿಸುತ್ತಾರೆ. ನಮ್ಮ ಮೊಬೈಲಿಗೆ ಮೇಲ್ ಬರೋದು ನಿಲ್ಲುತ್ತೆ, ಕ್ಯಾಲೆಂಡರ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತೆ. ಐಟಿ ವಿಭಾಗಕ್ಕೆ ಫೋನ್ ಮಾಡಿದರೆ ಆ ಕಡೆಯಿಂದ ಒಂದೇ ಮಾತು: “ಅಕೌಂಟ್ ತೆಗೆದು ಮತ್ತೆ ಹಾಕ್ರಿ ಸರ್, ಸರಿ ಹೋಗ್ತೈತಿ.” ಅಲ್ಲಿಗೆ ಅವರ ಕೆಲಸ ಮುಗೀತು.

ನನ್ನ ತಕರಾರು ಈ ಒಂದು ವಾಕ್ಯದ ಮೇಲೆ. ಅದು ಸುಳ್ಳು ಅಂತ ನಾನು ಹೇಳ್ತಿಲ್ಲ. ಎಷ್ಟೋ ಸಲ ಅದೇ ನಿಜವಾದ ಪರಿಹಾರ. ಆದರೆ ಆ ವಾಕ್ಯಕ್ಕೆ ಮೊದಲು ಹೇಳಬೇಕಾದ ಇನ್ನೊಂದು ವಾಕ್ಯ ಇದೆ, ಅದನ್ನು ಯಾರೂ ಹೇಳುವುದಿಲ್ಲ: “ತೆಗೆಯೋ ಮೊದಲು, ಸಿಂಕ್ ನಿಂತ ದಿನದಿಂದ ಇವತ್ತಿನವರೆಗೆ ಮೊಬೈಲಿನಲ್ಲಿ ನೀವು ಬರೆದಿದ್ದನ್ನೆಲ್ಲ ಬೇರೆ ಕಡೆ ಇಳಿಸಿಕೊಳ್ರಿ.”

ಯಾಕೆ ಅಂತ ಹೇಳೋಕೆ ನನಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಸಂಗವನ್ನೇ ತಗೊಳ್ತೀನಿ. ನನ್ನ ಷಡ್ಡಕರು ಇರೋದು ದಾವಣಗೆರೆಯಲ್ಲಿ, ಕೆಲಸ ಹರಿಹರದ ಒಂದು ಕಂಪನಿಯ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿ. ಕಂಪನಿ ಹೆಸರು ಇಲ್ಲಿ ಬೇಡ, ಇದು ಎಲ್ಲ ಕಡೆ ಇರೋ ರೋಗ. ಒಂದು ಶನಿವಾರ ರಾತ್ರಿ ಆ ಕಂಪನಿ ತನ್ನದೇ ಹಳೆಯ ಮೇಲ್ ಸರ್ವರ್ ಮುಚ್ಚಿ, ಎಲ್ಲರ ಮೇಲನ್ನೂ ಮೈಕ್ರೋಸಾಫ್ಟಿನ ಸರ್ವರಿಗೆ ಸಾಗಿಸಿತು. ಈ ವಿಷಯ ತಿಳಿಸಿದ್ದು ಹೇಗೆ ಗೊತ್ತಾ? ಮೇಲ್ ಕಳಿಸಿ! ಅದೂ ಹೊಸ ಸರ್ವರಿನಿಂದ, ಭಾನುವಾರ. ಅಂದರೆ ಯಾರ ಮೊಬೈಲಿಗೆ ಮೇಲ್ ಬರೋದು ನಿಂತಿತ್ತೋ ಅವರ ಮೊಬೈಲಿಗೇ, “ನಿಮಗೆ ಮೇಲ್ ಬರೋದು ನಿಲ್ಲುತ್ತೆ” ಅಂತ.

ಸೋಮವಾರ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗೇ ಇತ್ತು, ಐಟಿಯವರು ಅದನ್ನು ಮೊದಲೇ ಸರಿಮಾಡಿಟ್ಟಿದ್ದರು. ಮೊಬೈಲಿನಲ್ಲಿ ಮೇಲ್ ಬರ್ತಿಲ್ಲ ಅನ್ನೋದು ಇವರ ಗಮನಕ್ಕೂ ಬಂತು, ಆದರೆ “ಆಫೀಸಲ್ಲಿ ನೋಡಿದರಾಯ್ತು” ಅಂತ ಬಿಟ್ಟರು. ಅಪಾಯ ಇದ್ದದ್ದು ಕ್ಯಾಲೆಂಡರಿನಲ್ಲಿ. ಮೇಲ್ ನಿಂತರೆ ಖಾಲಿತನ ಕಣ್ಣಿಗೆ ಕಾಣುತ್ತೆ. ಕ್ಯಾಲೆಂಡರ್ ನಿಂತರೆ ಏನೂ ಕಾಣೋದಿಲ್ಲ. ಹಳೆಯ ನಮೂದುಗಳೆಲ್ಲ ಅಚ್ಚುಕಟ್ಟಾಗಿ ಅಲ್ಲೇ ಇರುತ್ತವೆ, ಸಮಯಕ್ಕೆ ಸರಿಯಾಗಿ ಗಂಟೆ ಬಾರಿಸುತ್ತವೆ. ನಿಂತ ಗಡಿಯಾರವಾದರೂ ಟಿಕ್ ಟಿಕ್ ಅನ್ನೋದು ನಿಲ್ಲಿಸುತ್ತೆ, ಇದು ಅದೂ ಇಲ್ಲ.

ಹಾಗಾಗಿ ಶುಕ್ರವಾರ ಸಂಜೆ 4 ಗಂಟೆಗಿದ್ದ ಒಂದು ಮೀಟಿಂಗ್ ಗುರುವಾರ 11 ಗಂಟೆಗೆ ಬದಲಾದದ್ದು ಸರ್ವರಿಗೆ ಗೊತ್ತು, ಆಫೀಸಿನ ಕಂಪ್ಯೂಟರಿಗೆ ಗೊತ್ತು, ಗೋಡೌನಿನಲ್ಲಿ ನಿಂತಿದ್ದ ಇವರ ಜೇಬಿನ ಮೊಬೈಲಿಗೆ ಗೊತ್ತಿಲ್ಲ. ಮೀಟಿಂಗ್ ತಪ್ಪಿತು, ಮೇಲಿನವರಿಂದ ಮಾತು ಕೇಳಿದ್ದಾಯ್ತು. ಆಗ ಐಟಿಗೆ ಫೋನ್. ಉತ್ತರ ನಿಮಗೆ ಗೊತ್ತೇ ಇದೆ. ಇವರು ಅಕೌಂಟ್ ತೆಗೆದರು, ಮತ್ತೆ ಹಾಕಿದರು. ಮೇಲ್ ಬಂತು, ಬದಲಾದ ಮೀಟಿಂಗುಗಳೂ ಬಂದವು. ಆದರೆ ಸೋಮವಾರದಿಂದ ಗುರುವಾರದೊಳಗೆ ಲಾರಿಯವರ ಹತ್ತಿರ ಮಾತಾಡುತ್ತ ಮೊಬೈಲಿನಲ್ಲೇ ಬರೆದುಕೊಂಡಿದ್ದ ಆರು ಲೋಡಿಂಗ್ ಸಮಯಗಳು, ಕಂಪನಿ ಅಕೌಂಟಿನಲ್ಲಿ ಸೇವ್ ಮಾಡಿದ್ದ ಇಬ್ಬರು ಟ್ರಾನ್ಸ್‌ಪೋರ್ಟಿನವರ ನಂಬರು, ಎಲ್ಲ ಮಾಯ. ಅದರಲ್ಲೊಂದು ಶನಿವಾರ ಬೆಳಗಿನ ಲೋಡಿಂಗ್. ಲಾರಿ ಬಂದು ಹರಿಹರದಲ್ಲಿ ಮಧ್ಯಾಹ್ನದವರೆಗೂ ನಿಂತಿತ್ತು. ಹಾಲ್ಟಿಂಗ್ ಚಾರ್ಜ್ ಯಾರ ತಲೆಗೆ ಬಂತು ಅಂತ ಬೇರೆ ಹೇಳಬೇಕಾ?

ಆ ಆರು ನಮೂದು ಎಲ್ಲಿ ಹೋದವು? ಎಲ್ಲಿಗೂ ಹೋಗಲಿಲ್ಲ, ಅದೇ ತೊಂದರೆ. ಅವು ಸರ್ವರಿಗೆ ಹೋಗೋಕೆ ಕಾದು ಮೊಬೈಲಿನಲ್ಲೇ ಕೂತಿದ್ದವು. ಮೊಬೈಲಿನಲ್ಲಿ ಕಾಣುವ ಕಂಪನಿ ಕ್ಯಾಲೆಂಡರ್ ಅನ್ನೋದು ಸರ್ವರಿನಲ್ಲಿರುವುದರ ಒಂದು ನಕಲು. ನೀವು ಬರೆದದ್ದು ಮೊದಲು ನಕಲಿಗೆ ಬೀಳುತ್ತೆ, ಆಮೇಲೆ ಅಸಲಿಗೆ ಹೋಗುತ್ತೆ. ದಾರಿ ಕಡಿದಾಗ ಬರೆದದ್ದು ನಕಲಿನಲ್ಲಿ ಮಾತ್ರ ಇರುತ್ತೆ. ಅಕೌಂಟ್ ತೆಗೆಯೋದು ಅಂದರೆ ಆ ನಕಲನ್ನು ಹರಿದು ಬಿಸಾಕೋದು. ಮತ್ತೆ ಹಾಕಿದಾಗ ಬರೋದು ಅಸಲಿನ ಹೊಸ ನಕಲು, ಅದರಲ್ಲಿ ನಿಮ್ಮ ಆರು ಸಾಲು ಇರೋಕೆ ಹೇಗೆ ಸಾಧ್ಯ? ಈ ಅಕೌಂಟಿನ ಸಂದೇಶ, ಸಂಪರ್ಕ, ಬೇರೆ ಮಾಹಿತಿ ಎಲ್ಲ ಅಳಿಸಿ ಹೋಗುತ್ತೆ ಅಂತ ತೆಗೆಯುವಾಗ ಫೋನೇ ಎಚ್ಚರಿಸುತ್ತೆ. “ಹೆದರಬ್ಯಾಡ್ರಿ, ಎಲ್ಲ ಸರ್ವರಲ್ಲಿ ಇರ್ತೈತಿ” ಅಂತ ಈ ಕಡೆಯಿಂದ ಸಮಾಧಾನ. ಇರುತ್ತೆ, ದಾರಿ ಕಡಿಯೋವರೆಗಿನದ್ದು.

ಹಾಗಾದರೆ ತೆಗೆಯಲೇ ಬಾರದಾ? ಹಾಗಲ್ಲ. ಬರೀ ಪಾಸ್‌ವರ್ಡ್ ಬದಲಾಗಿದ್ದರೆ ಹೊಸದನ್ನು ಟೈಪ್ ಮಾಡಿದರೆ ಸಾಕು, ತೆಗೆಯೋದು ಬೇಡ. ಆದರೆ ಒಳಗೆ ಹೋಗುವ ರೀತಿಯೇ ಬದಲಾದಾಗ ಕಥೆ ಬೇರೆ. ಮೊದಲೆಲ್ಲ ಫೋನು ಪಾಸ್‌ವರ್ಡನ್ನು ತನ್ನಲ್ಲಿಟ್ಟುಕೊಂಡು ಪ್ರತಿ ಸಲ ಸರ್ವರಿಗೆ ಒಪ್ಪಿಸುತ್ತಿತ್ತು. ಈಗ ನೀವು ಒಂದು ಸಲ ಕಂಪನಿಯ ಲಾಗಿನ್ ಪುಟದಲ್ಲಿ ಒಳಗೆ ಹೋಗಬೇಕು, ಆಮೇಲೆ ಫೋನಿಗೆ ಒಂದು ಟೋಕನ್ ಸಿಗುತ್ತೆ, ಪಾಸ್‌ವರ್ಡ್ ಬದಲು ಅದನ್ನೇ ತೋರಿಸುತ್ತೆ. ಹಳೇ ರೀತಿಯಲ್ಲಿ ಸೇರಿಸಿದ ಅಕೌಂಟು ಎಷ್ಟೋ ಫೋನುಗಳಲ್ಲಿ ತಾನಾಗಿ ಈ ರೀತಿಗೆ ಬದಲಾಗೋದಿಲ್ಲ. ಗೂಗಲ್ ಕೂಡ ಪಾಸ್‌ವರ್ಡ್ ಮಾತ್ರ ಕೊಡುವ ಆ್ಯಪ್‌ಗಳನ್ನು ಕಂಪನಿ ಅಕೌಂಟುಗಳಿಗೆ ನಿಲ್ಲಿಸುವಾಗ, ಐಫೋನಿನ ಮೇಲ್ ಆ್ಯಪ್ ಬಳಸುವವರಿಗೆ ತೆಗೆದು ಮತ್ತೆ ಹಾಕಿ ಅಂತಲೇ ಹೇಳಿತು.

ಆದರೆ ಇದು ರಾತ್ರೋರಾತ್ರಿ ಬಂದ ಬದಲಾವಣೆ ಅಲ್ಲ ಸ್ವಾಮೀ. ತನ್ನ ಆನ್‌ಲೈನ್ ಮೇಲಿಗೆ ಹಳೇ ಪಾಸ್‌ವರ್ಡ್ ಪದ್ಧತಿ ನಿಲ್ಲಿಸುತ್ತೇನೆ ಅಂತ ಮೈಕ್ರೋಸಾಫ್ಟ್ ಹೇಳಿದ್ದು 2019ರಲ್ಲಿ. ಕೋವಿಡ್ ಕಾರಣಕ್ಕೆ ಮುಂದೂಡಿ, ನಿಲ್ಲಿಸೋಕೆ ಶುರುಮಾಡಿದ್ದು 2022ರ ಅಕ್ಟೋಬರ್ 1ರಿಂದ. ಮೂರು ವರ್ಷದ ನೋಟಿಸು! ಅಷ್ಟು ದೊಡ್ಡ ಕಂಪನಿ ಮೂರು ವರ್ಷ ಮೊದಲು ಹೇಳಬಹುದಾದರೆ, ನಮ್ಮ ಕಂಪನಿಗಳು ಮೂರು ದಿನ ಮೊದಲು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸೋಕೆ ಏನು ಕಷ್ಟ?

ಆ ಹಾಳೆಯಲ್ಲಿ ಏನಿರಬೇಕು ಅಂತ ನಾನೇ ಹೇಳಿಬಿಡ್ತೀನಿ. ಮೊದಲನೆಯದು, ಫೋನಿನ ಬ್ರೌಸರಿನಲ್ಲಿ ಕಂಪನಿಯ ಮೇಲ್ ತೆರೆಯಿರಿ. ಮೈಕ್ರೋಸಾಫ್ಟಿನದಾದರೆ ವಿಳಾಸ `outlook.office.com`. ಅಲ್ಲಿ ಹೊಸ ಮೇಲ್ ಕಾಣ್ತಿದ್ದರೆ ಸರ್ವರ್ ಸರಿ ಇದೆ, ಕಡಿದಿರೋದು ನಿಮ್ಮ ಫೋನಿನ ದಾರಿ. ಎರಡನೆಯದು, ಅಲ್ಲಿಯ ಕ್ಯಾಲೆಂಡರನ್ನೂ ಫೋನಿನ ಕ್ಯಾಲೆಂಡರನ್ನೂ ಸಿಂಕ್ ನಿಂತ ದಿನದಿಂದ ಹೋಲಿಸಿ ನೋಡಿ. ಯಾವತ್ತು ನಿಂತಿತು ಗೊತ್ತಿಲ್ಲವಾ? ಫೋನಿಗೆ ಬಂದ ಕೊನೆಯ ಮೇಲಿನ ತಾರೀಖು ನೋಡಿ, ಹೆಚ್ಚುಕಮ್ಮಿ ಅದೇ. ಫೋನಿನಲ್ಲಿದ್ದು ಅಲ್ಲಿ ಇಲ್ಲದ ನಮೂದುಗಳನ್ನು ಕೈಯಾರೆ ಅಲ್ಲಿ ಬರೆಯಿರಿ. ಸಂಪರ್ಕಗಳನ್ನೂ ಹೀಗೇ ನೋಡಿ, ಔಟ್‌ಬಾಕ್ಸಿನಲ್ಲಿ ಹೋಗದೆ ಕೂತ ಮೇಲ್ ಇದ್ದರೆ ನಕಲು ಮಾಡಿಟ್ಟುಕೊಳ್ಳಿ. ಹತ್ತು ಹದಿನೈದು ನಿಮಿಷದ ಕೆಲಸ. ಇಷ್ಟಾದ ಮೇಲೆ ಅಕೌಂಟ್ ತೆಗೆಯಿರಿ.

ಮೂರನೆಯದು ಮತ್ತೆ ಹಾಕುವಾಗಿನದು. ನಮ್ಮ ಷಡ್ಡಕರ ಪಕ್ಕದ ಟೇಬಲ್ಲಿನವರು ಐಫೋನಿನಲ್ಲಿ `Microsoft Exchange` ಒತ್ತುವ ಬದಲು `Other` ಒತ್ತಿ, ಐಮ್ಯಾಪ್ ಅಂತ ಹಾಕಿಕೊಂಡಿದ್ದರು. ಅವರ ಕಂಪನಿಯಲ್ಲಿ ಐಮ್ಯಾಪ್ ತೆರೆದಿತ್ತು, ಹಾಗಾಗಿ ಮೇಲ್ ಬಂತು, ಖುಷಿಯಾದರು. ಕ್ಯಾಲೆಂಡರ್ ಬರಲೇ ಇಲ್ಲ. ಬರೋದೂ ಇಲ್ಲ, ಯಾಕಂದರೆ ಐಮ್ಯಾಪ್ ಹೊರೋದು ಮೇಲನ್ನು ಮಾತ್ರ. ಕ್ಯಾಲೆಂಡರ್ ಬೇಕಾದರೆ ಎಕ್ಸ್‌ಚೇಂಜ್ ಅಂತಲೇ ಹಾಕಬೇಕು, ಆಮೇಲೆ ಕ್ಯಾಲೆಂಡರಿನ ಗುಂಡಿ ಆನ್ ಇದೆಯಾ ನೋಡಬೇಕು. ಕೊನೆಗೆ ಫೋನಿನಲ್ಲಿ “ಪರೀಕ್ಷೆ” ಅಂತ ಒಂದು ನಮೂದು ಬರೆದು ಬ್ರೌಸರಿನಲ್ಲಿ ಬಂತಾ ನೋಡಿ, ಬ್ರೌಸರಿನಲ್ಲಿ ಒಂದು ಬರೆದು ಫೋನಿಗೆ ಬಂತಾ ನೋಡಿ. ಎರಡೂ ಕಡೆಯಿಂದ ದಾಟಿದರೆ ಮಾತ್ರ ಸೇತುವೆ ನಿಂತಿದೆ ಅಂತ ಅರ್ಥ.

ಹರಿಹರದ ಹೊಳೆ ಕಂಡವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ: ಹೊಸ ಸೇತುವೆಯಲ್ಲಿ ಬಸ್ಸು ಓಡೋವರೆಗೂ ಹಳೆಯದನ್ನು ಯಾರೂ ಮುಚ್ಚೋದಿಲ್ಲ. ಮುಚ್ಚಲೇಬೇಕಾದರೆ ಮೊದಲು ಈ ದಡದಲ್ಲಿ ನಿಂತವರನ್ನು ದಾಟಿಸುತ್ತಾರೆ. ಕಂಪನಿಗಳು ಮಾತ್ರ ಸೇತುವೆ ಮುಚ್ಚಿ, “ನೀವೇ ಈಜಿಕೊಂಡು ಬರ್ರಿ” ಅನ್ನುತ್ತವೆ. ಮುಳುಗಿದರೆ ನಿಮಗೆ ಈಜು ಬರೋದಿಲ್ಲ ಅನ್ನುತ್ತವೆ. ಫೋನ್ ಎತ್ತಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟ ಚೀಟಿಯಲ್ಲಿ ಇರೋದೇ ಅಷ್ಟು. ಸಿಟ್ಟು ಆ ಚೀಟಿ ಬರೆದವರ ಮೇಲೆ. ಬದಲಾವಣೆ ಮಾಡಿದ್ದು ಕಂಪನಿ. ಬಹಳಷ್ಟು ಕಡೆ ಫೋನು ಉದ್ಯೋಗಿಯ ಸ್ವಂತದ್ದು, ಡೇಟಾದ ದುಡ್ಡೂ ಅವನದೇ. ಅಷ್ಟಾದ ಮೇಲೂ ಕಳೆದುಹೋದ ನಾಲ್ಕು ದಿನದ ಲೆಕ್ಕ ಅವನೇ ಕೊಡಬೇಕು ಅನ್ನೋದು ಯಾವ ನ್ಯಾಯ?

ಐಟಿಯಲ್ಲಿರುವ ಬ್ಲಾಗಿಗರು ನಮ್ಮಲ್ಲಿ ಬಹಳ ಜನ ಇದ್ದೀರಿ. ಮುಂದಿನ ಸಲ ಸರ್ವರ್ ಬದಲಾಯಿಸುವಾಗ ಆ ಚೀಟಿಗೆ ಒಂದು ಸಾಲು ಸೇರಿಸಿ: “ತೆಗೆಯೋ ಮೊದಲು ಇಳಿಸಿಕೊಳ್ರಿ.” ಆಗೋದಿಲ್ಲ ಅನ್ನೋರು ಯಾಕೆ ಆಗೋದಿಲ್ಲ ಅಂತ ಕೆಳಗೆ ಬರೆಯಿರಿ, ಜಗಳ ಆಡೋಣ.